ಮಾತ್ರೆ ನೆನಪಿಸುವ ಆ್ಯಪ್: ವರ್ಷ ದಾಟಿದ ಮೇಲೆ ನನ್ನ ಅನಿಸಿಕೆ (ಐದಕ್ಕೆ ಮೂರು ಸ್ಟಾರ್)

ನನ್ನದು ಥೈರಾಯ್ಡ್ ಕೇಸು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಕ್ಸಿನ್ ಮಾತ್ರೆ, ಅದಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯಾದ ಮೇಲೆ ಕಾಫಿ. ರಾತ್ರಿ ಊಟದ ಜೊತೆ ಕ್ಯಾಲ್ಸಿಯಂ. ಇವೆರಡರ ನಡುವೆ ಕಡಿಮೆ ಅಂದರೂ ನಾಲ್ಕು ಗಂಟೆ ಇರಬೇಕು, ಇಲ್ಲದಿದ್ದರೆ ಕ್ಯಾಲ್ಸಿಯಂ ಥೈರಾಕ್ಸಿನ್ನನ್ನು ಮೈಗೆ ಹತ್ತಲು ಬಿಡುವುದಿಲ್ಲ. ಆ್ಯಪ್ ಹಾಕಿಕೊಂಡದ್ದು ಇದಕ್ಕೇ. ಹೆಸರು ಬೇಡ, ಈ ಥರದವು ಹೆಚ್ಚುಕಮ್ಮಿ ಎಲ್ಲವೂ ಹೀಗೇ ಇವೆ.

ಮೊದಲ ಸಿಟ್ಟು ಸಮಯದ ಮೇಲೆ. ‘ಬೆಳಗ್ಗೆ’ ಅಂತ ಆರಿಸಿದರೆ ಅದು ತಾನೇ ಎಂಟು ಗಂಟೆ ಹಾಕಿಕೊಳ್ಳುತ್ತದೆ. ಎಂಟಕ್ಕೆ ನಮ್ಮನೆಯಲ್ಲಿ ಎರಡನೇ ಕಾಫಿಯೂ ಮುಗಿದಿರುತ್ತದೆ! ಆಗ ಫೋನ್ ಕಿಣಿಗುಟ್ಟಿದರೆ ಅದನ್ನು ಸರಿಸಿ ಹಾಕುವುದು ಬಿಟ್ಟು ನಾನು ಮಾಡುವುದಾದರೂ ಏನು? ಹೀಗೆ ಕೆಲವು ದಿನ ಆದರೆ ಸಾಕು, ಸದ್ದು ಕೇಳಿದ ಕೂಡಲೇ ಸರಿಸುವುದೇ ಬೆರಳಿಗೆ ಅಭ್ಯಾಸವಾಗುತ್ತದೆ.

ಎರಡನೆಯದು ಪದೇ ಪದೇ ಬಡಿಯುವುದು. ಐದೈದು ನಿಮಿಷಕ್ಕೆ ಮತ್ತೆ ಮತ್ತೆ ಬರುತ್ತದೆ. ಇನ್ನೂ ಬರುತ್ತದೆ ಅಂತ ಗೊತ್ತಿದ್ದಾಗ ಮೊದಲನೆಯದಕ್ಕೆ ಯಾರು ಏಳುತ್ತಾರೆ? ಪಕ್ಕದ ಮನೆ ಕುಕ್ಕರ್ ವಿಶಲ್ ಥರ, ಕೇಳುತ್ತದೆ, ಆದರೆ ನಮಗಲ್ಲ. ಜೊತೆಗೆ ‘ನೀರು ಕುಡಿದಿರಾ?’, ‘ಇಂದಿನ ಆರೋಗ್ಯ ಸಲಹೆ’, ‘ಮಾತ್ರೆ ಕೊಂಡರೆ ರಿಯಾಯಿತಿ’ ಎಲ್ಲವೂ ಅದೇ ಟಿಂಗ್ ಸದ್ದಿನಲ್ಲಿ. ‘ಅಮ್ಮಾ, ನಿನ್ನ ಫೋನ್ ಆಗಿಂದ ಬಡ್ಕೊಳ್ತಿದೆ’ ಅಂತ ಮಗಳು ಹೇಳಿದರೆ, ‘ಸುಮ್ನೆ ಬಿಡೇ, ಏನೋ ಆಫರ್ ಇರುತ್ತೆ’ ಅನ್ನುತ್ತಿದ್ದೆ. ಅದು ಮಾತ್ರೆಯದೇ ಆಗಿರುತ್ತಿತ್ತು.

ಆದರೆ ನನಗೆ ಇವತ್ತಿಗೂ ತಲೆಕೆಡಿಸುವುದು Taken ಬಟನ್. ಸದ್ದು ನಿಲ್ಲಿಸಲು ಅದೇ ಹತ್ತಿರದ ದಾರಿ. ಲಾಕ್ ಸ್ಕ್ರೀನ್ ಮೇಲೇ ಇರುತ್ತದೆ, ಒಂದೇ ಒತ್ತು. ಮುಂದೂಡಬೇಕೆಂದರೆ ಆ್ಯಪ್ ತೆರೆದು ಹುಡುಕಬೇಕು. ಕೈ ಹಿಟ್ಟಾಗಿರುವಾಗ ಯಾವುದನ್ನು ಒತ್ತುತ್ತೇವೆ ಹೇಳಿ? ತಿಂಗಳ ಕೊನೆಯ ವರದಿ ಪೂರ್ತಿ ಹಸಿರು. ಸತ್ಯ ಹೇಳಿದ್ದು ಮಾತ್ರೆ ಡಬ್ಬಿ. ಹೊಸ ಡಬ್ಬಿ ಒಡೆದ ದಿನ ಮುಚ್ಚಳದ ಮೇಲೆ ತಾರೀಕು ಬರೆಯುವುದು ನನ್ನ ಪದ್ಧತಿ. ನೂರು ಮಾತ್ರೆಯ ಡಬ್ಬಿ, ನೂರು ದಿನ ಕಳೆದರೂ ಒಳಗೆ ಗಲಗಲ ಅನ್ನುತ್ತಿತ್ತು. ನೀವೂ ಹೀಗೆ ಎಣಿಸಿ ನೋಡಿ. ಡೋಸ್ ಬದಲಾದ ಮೇಲೆ ಆರೆಂಟು ವಾರಕ್ಕೆ ಟಿಎಸ್‌ಎಚ್ ಪರೀಕ್ಷೆ ಮಾಡಿಸುತ್ತಾರಲ್ಲ, ತಪ್ಪಿದ ಮಾತ್ರೆಗಳ ಲೆಕ್ಕ ಡಾಕ್ಟರಿಗೆ ಗೊತ್ತಿಲ್ಲದಿದ್ದರೆ ಅವರು ಸುಮ್ಮನೆ ಡೋಸ್ ಏರಿಸಿಬಿಡಬಹುದು.

ಇಷ್ಟೆಲ್ಲ ಬೈದರೂ ಆ್ಯಪ್ ಇನ್ನೂ ಫೋನಿನಲ್ಲಿದೆ. ಕಾರಣ, ಬರುವ ಸಾಲನ್ನು ನಾವೇ ಬರೆಯಬಹುದು. ಮೊದಲು ಎಲ್ಲದಕ್ಕೂ ‘ಔಷಧಿ ತೆಗೆದುಕೊಳ್ಳುವ ಸಮಯ!’ ಅಂತ ಒಂದೇ ಸಾಲು ಬರುತ್ತಿತ್ತು. ಯಾವ ಮಾತ್ರೆ ಅಂತ ನೋಡಲು ಒಳಗೆ ಹೋಗಬೇಕಿತ್ತು. ಮಾತ್ರೆಯ ಹೆಸರಿನ ಜಾಗದಲ್ಲಿ ಈಗ ‘ಫಿಲ್ಟರ್ ಪಕ್ಕದ ಡಬ್ಬಿ, ಕಾಫಿಗೆ ಮುಂಚೆ’ ಅಂತ ಹಾಕಿದ್ದೇನೆ. ರಾತ್ರಿಯದಕ್ಕೆ ‘ಕ್ಯಾಲ್ಸಿಯಂ, ತಟ್ಟೆ ಹಾಕುವಾಗ’. ಓದಿದ ಕೂಡಲೇ ಕೈ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗುತ್ತದೆ. ಸಾಲು ಚಿಕ್ಕದಿರಲಿ, ಉದ್ದವಾದರೆ ಲಾಕ್ ಸ್ಕ್ರೀನಿನಲ್ಲಿ ಬಾಲ ಕತ್ತರಿಸಿ ಹೋಗುತ್ತದೆ.

ಬೆಳಗಿನದನ್ನು 5.50ಕ್ಕೆ ಇಟ್ಟಿದ್ದೇನೆ. ಅಲಾರಂ ಆರಿಸಲು ಫೋನ್ ಹೇಗೂ ಕೈಯಲ್ಲಿರುತ್ತದೆ, ಡಿಕಾಕ್ಷನ್‌ಗೆ ಇನ್ನೂ ನೀರೂ ಇಟ್ಟಿರುವುದಿಲ್ಲ. ಮಾತ್ರೆ ನುಂಗಿ, ನೀರಿಟ್ಟು, ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದು, ಹಾಲು ತಂದು ಕಾಯಿಸುವಷ್ಟರಲ್ಲಿ ಅರ್ಧ ಗಂಟೆ ದಾಟಿರುತ್ತದೆ. ಕಾಯುವುದು ಅನ್ನಿಸುವುದೇ ಇಲ್ಲ. ಮತ್ತೆ ನೆನಪಿಸುವುದನ್ನು ಒಂದೇ ಸಲಕ್ಕೆ ಇಳಿಸಿದ್ದೇನೆ, ಇಪ್ಪತ್ತು ನಿಮಿಷದ ನಂತರ. ವಾರಕ್ಕೊಮ್ಮೆಯ ವಿಟಮಿನ್ ಡಿ ಮಾತ್ರೆಯ ನೆನಪೂ ಹಾಗೇ ಅಪರೂಪಕ್ಕೆ ಬರುವುದರಿಂದಲೋ ಏನೋ, ಅದನ್ನು ಕಡೆಗಣಿಸಿದ್ದೇ ಇಲ್ಲ.

ಜಾಹೀರಾತು ನಿಲ್ಲಿಸುವ ದಾರಿ: ಅಂಥದ್ದೊಂದು ಬಂದಾಗ ಅದರ ಮೇಲೆ ಬೆರಳು ಒತ್ತಿ ಹಿಡಿಯಿರಿ, ಸೆಟ್ಟಿಂಗ್ಸ್ ತೆರೆದು ಆ ಬಗೆಯದನ್ನಷ್ಟೇ ಆಫ್ ಮಾಡಿ. ಆಂಡ್ರಾಯ್ಡ್ 8ರಿಂದ ಈಚೆಗೆ ಇದು ಸಾಧ್ಯ, ಆದರೆ ಆ್ಯಪ್ ಮಾಡಿದವರು ಬಗೆಗಳನ್ನು ಬೇರೆ ಬೇರೆ ಇಟ್ಟಿರಬೇಕು. ಇದರಲ್ಲಿ ‘ಆರೋಗ್ಯ ಸಲಹೆ’ಯನ್ನು ಮಾತ್ರೆಯ ಬಗೆಗೇ ಸೇರಿಸಿಬಿಟ್ಟಿದ್ದಾರೆ. ಒಂದನ್ನು ಮುಚ್ಚಿದರೆ ಎರಡೂ ಹೋಗುತ್ತವೆ. ಒಂದು ಸ್ಟಾರ್ ಕಿತ್ತದ್ದು ಇದಕ್ಕೆ, ಇನ್ನೊಂದು Taken ಬಟನ್‌ಗೆ.

ಕಾಸು ಕೊಟ್ಟು ಪ್ರೀಮಿಯಂ ತಗೊಳ್ಳುವುದು ಬೇಡ. ಅಲ್ಲಿ ಸಿಗುವುದು ಹೊಸ ಸದ್ದುಗಳು ಮತ್ತು ಇನ್ನಷ್ಟು ಬಣ್ಣದ ವರದಿ. ನನಗೆ ಬೇಕಾದ ನಾಲ್ಕು ಗಂಟೆಯ ಅಂತರ, ಅಂದರೆ ಬೆಳಗಿನ ಮಾತ್ರೆ ತಡವಾದರೆ ಕ್ಯಾಲ್ಸಿಯಂ ತಾನೇ ಮುಂದಕ್ಕೆ ಹೋಗುವುದು, ಅದರಲ್ಲೂ ಇಲ್ಲ.