ಕಿರಾಣಿ ಅಂಗಡಿಯಲ್ಲಿ ಕ್ಯೂಆರ್ ಸೌಂಡ್‌ಬಾಕ್ಸ್: ಕೂಗುವುದು ಸರಿ, ಬ್ಯಾಂಕಿಗೆ ಬರುವ ಲೆಕ್ಕ ಅರ್ಧ

ದನಿ ಜೋರಾಗಿದೆಯಾ, ಕನ್ನಡದಲ್ಲಿ ಹೇಳುತ್ತದೆಯಾ, ಚಾರ್ಜ್ ಎಷ್ಟು ಹೊತ್ತು ನಿಲ್ಲುತ್ತದೆ, ಇದೆಲ್ಲ ನಿಮಗೆ ಗೊತ್ತಿರುವುದೇ. ನಾನು ಬರೆಯುವುದು ಡಬ್ಬಿ ಕೂಗಿದ ಮೇಲೆ ರೊಕ್ಕ ನನ್ನ ಖಾತೆಗೆ ಬರುವ ದಾರಿಯ ಬಗ್ಗೆ. ಕೊಪ್ಪಳದಲ್ಲಿ ಗವಿಮಠಕ್ಕೆ ಹೋಗುವ ದಾರಿಯಲ್ಲಿ ನನ್ನ ಕಿರಾಣಿ ಅಂಗಡಿ ಇದೆ. ಎರಡು ವರ್ಷದಿಂದ ಒಂದೇ ಕಂಪನಿಯ ಕ್ಯೂಆರ್ ಮತ್ತು ಡಬ್ಬಿ ಇಟ್ಟುಕೊಂಡಿದ್ದೇನೆ.

ಮೊದಲು ನನ್ನ ಬ್ಯಾಂಕಿನದೇ ಕ್ಯೂಆರ್ ಇತ್ತು. ಗಿರಾಕಿ ಕೊಟ್ಟ ಹತ್ತು ರೂಪಾಯಿಯೂ ನೇರ ಖಾತೆಗೆ ಬೀಳುತ್ತಿತ್ತು. ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಪುಟದ ಮೇಲೆ ಪುಟ ಬರೀ ಹತ್ತು, ಇಪ್ಪತ್ತು. ಹೋಲ್‌ಸೇಲ್‌ನವರಿಗೆ ಕಳಿಸಿದ ರೊಕ್ಕ ಎಲ್ಲಿದೆ ಅಂತ ಹುಡುಕುವುದೇ ಒಂದು ಕೆಲಸ. ಈ ಕಂಪನಿ ಹಾಗೆ ಮಾಡುವುದಿಲ್ಲ. ಇಡೀ ದಿನದ ಪಾವತಿಯನ್ನು ತನ್ನಲ್ಲಿ ಕೂಡಿಸಿಕೊಂಡು ಮರುದಿನ ಬೆಳಿಗ್ಗೆ ಒಂದೇ ಮೊತ್ತವಾಗಿ ಹಾಕುತ್ತದೆ. ಪಾಸ್‌ಬುಕ್ ಎಷ್ಟು ಚೊಕ್ಕ ಆಯಿತೆಂದರೆ, ಮೊದಲ ತಿಂಗಳು ಅದನ್ನು ನೋಡುವುದೇ ಒಂದು ಖುಷಿಯಾಗಿತ್ತು.

ಬೆಳಿಗ್ಗೆ ಶಟರ್ ಎತ್ತಿ, ಊದಿನಕಡ್ಡಿ ಹಚ್ಚಿ, ಮೊದಲ ಗಿರಾಕಿ ಬರುವ ಮುಂಚೆ ಕೆಂಪು ರಟ್ಟಿನ ಖಾತೆ ಪುಸ್ತಕ ತೆಗೆಯುತ್ತೇನೆ. ಮೂರು ಕಾಲಂ ಇವೆ. ಆ್ಯಪ್‌ನಲ್ಲಿ ನಿನ್ನೆಯ ಒಟ್ಟು, ಬ್ಯಾಂಕ್ ಮೆಸೇಜ್‌ನಲ್ಲಿ ಬಂದ ಮೊತ್ತ, ವ್ಯತ್ಯಾಸ. ವ್ಯತ್ಯಾಸ ಸೊನ್ನೆ ಇದ್ದರೆ ಹಸಿರು ಪೆನ್ನಲ್ಲಿ ಗೀಟು. ಎರಡು ನಿಮಿಷದ ಕೆಲಸ, ಆದರೆ ಇದನ್ನು ಮುಗಿಸದೆ ನಾನು ಚಹಾ ಕೂಡ ಕುಡಿಯುವುದಿಲ್ಲ. ಮಧ್ಯಾಹ್ನದೊಳಗೆ ಗಂಗಾವತಿ ಅಕ್ಕಿಯವರಿಗೆ ರೊಕ್ಕ ಕಳಿಸಬೇಕಿರುತ್ತದೆ. ಖಾತೆಯಲ್ಲಿ ನಿಜವಾಗಿ ಎಷ್ಟಿದೆ ಅಂತ ಗೊತ್ತಿರಲೇಬೇಕು.

ಸಾಮಾನ್ಯ ದಿನಗಳಲ್ಲಿ ಸೊನ್ನೆಯೇ ಬರುತ್ತದೆ. ತಕರಾರು ಶುರುವಾದದ್ದು ಜನವರಿಯಲ್ಲಿ, ಗವಿಸಿದ್ಧೇಶ್ವರ ಜಾತ್ರೆಯಲ್ಲಿ. ಆಗ ಅಂಗಡಿ ಮಧ್ಯರಾತ್ರಿ ದಾಟಿದರೂ ತೆರೆದಿರುತ್ತದೆ. ಒಂದು ಶುಕ್ರವಾರ ಆ್ಯಪ್ ತೋರಿಸಿದ ಒಟ್ಟು 31,870 ರೂಪಾಯಿ. ಶನಿವಾರ ಬೆಳಿಗ್ಗೆ ಬ್ಯಾಂಕಿಗೆ ಬಂದದ್ದು 28,315. ಕಡಿಮೆ ಬಿದ್ದದ್ದು 3,555. ಕಿರಾಣಿಯಲ್ಲಿ ಇದು ಸಣ್ಣ ಮೊತ್ತ ಅಲ್ಲ.

ಒಂದೊಂದಾಗಿ ಬಿಡಿಸಿದೆ. ಆ್ಯಪ್‌ನ ಮುಖಪುಟದಲ್ಲಿ ಕಾಣುವ ಒಟ್ಟು ರಾತ್ರಿ 12ರಿಂದ ರಾತ್ರಿ 12ರವರೆಗಿನದು. ಆದರೆ ಬ್ಯಾಂಕಿಗೆ ಕಳಿಸುವ ಲೆಕ್ಕವನ್ನು ಕಂಪನಿ ರಾತ್ರಿ 11ಕ್ಕೇ ಕಟ್ ಮಾಡುತ್ತದೆ. ನಾನು ದಿನಾಲೂ ಒಂಬತ್ತೂವರೆಗೆ ಬಾಗಿಲು ಹಾಕುವುದರಿಂದ ಇದು ಯಾವತ್ತೂ ಕಣ್ಣಿಗೆ ಬಿದ್ದಿರಲಿಲ್ಲ. ಶುಕ್ರವಾರ 11ರ ನಂತರ ಬಂದ 2,210 ರೂಪಾಯಿ ಭಾನುವಾರದ ಮೊತ್ತಕ್ಕೆ ಹೋಗಬೇಕು. ಗುರುವಾರ 11ರ ನಂತರ ಬಂದಿದ್ದ 640 ಈ ಮೊತ್ತದಲ್ಲಿ ಸೇರಬೇಕು. ಅಂದರೆ ಬರಬೇಕಾಗಿದ್ದದ್ದು 30,300.

ಅದರಲ್ಲಿ ಡಬ್ಬಿಯ ತಿಂಗಳ ಬಾಡಿಗೆ 125 ಹಿಡಿದುಕೊಂಡಿದ್ದರು. ಉಳಿಯುವುದು 30,175. ಬಂದದ್ದು 28,315. ಇನ್ನೂ 1,860 ಸಿಗಲಿಲ್ಲ.

ಇಲ್ಲಿ ನನಗೆ ಕೈಕೊಟ್ಟಿದ್ದು ಆ್ಯಪ್‌ನ ಮುಖಪುಟ, ಕೈಹಿಡಿದದ್ದು ಅದರ ಒಳಗೆ ಎಲ್ಲೋ ಮೂಲೆಯಲ್ಲಿರುವ ಸೆಟ್ಲ್‌ಮೆಂಟ್ ರಿಪೋರ್ಟ್. ಡೌನ್‌ಲೋಡ್ ಮಾಡಿದರೆ ಎಕ್ಸೆಲ್ ಫೈಲ್ ಬರುತ್ತದೆ. ಪ್ರತಿ ಪಾವತಿಗೆ ಒಂದು ಸಾಲು: ಸಮಯ, ಮೊತ್ತ, 12 ಅಂಕಿಯ ಆರ್‌ಆರ್‌ಎನ್, ಯಾವ ಬಗೆಯ ಪಾವತಿ, ಕೊನೆಗೆ ಯುಟಿಆರ್. ಆರ್‌ಆರ್‌ಎನ್ ಅಂದರೆ ಗಿರಾಕಿಯ ಆ ಒಂದು ಪಾವತಿಯ ಗುರುತು. ಕೊನೆಯ ಕಾಲಂನ ಯುಟಿಆರ್ ಅಂದರೆ ಕಂಪನಿ ನನ್ನ ಬ್ಯಾಂಕಿಗೆ ಕಳಿಸಿದ ಒಟ್ಟು ಮೊತ್ತದ ಗುರುತು. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲೂ ಅದೇ ನಂಬರ್ ಇರುತ್ತದೆ. ಯುಟಿಆರ್ ಕಾಲಂ ಖಾಲಿ ಇರುವ ಸಾಲುಗಳನ್ನಷ್ಟೇ ಫಿಲ್ಟರ್ ಮಾಡಿದೆ. ರಾತ್ರಿ 11ರ ನಂತರದವು ಬಂದವು. ಅವುಗಳ ಮೇಲೆ ಒಂಟಿಯಾಗಿ ಇನ್ನೊಂದು ಸಾಲು, ರಾತ್ರಿ 8.40, ಮೊತ್ತ 1,860. ಕುಕನೂರು ಕಡೆಯವರೊಬ್ಬರು ಅಕ್ಕಿ, ಎಣ್ಣೆ, ಬೇಳೆ ಒಯ್ದಿದ್ದರು. ಪಾವತಿಯ ಬಗೆ ಎಂಬಲ್ಲಿ ರುಪೇ ಕ್ರೆಡಿಟ್ ಕಾರ್ಡ್ ಅಂತಿತ್ತು.

ಯುಪಿಐಗೆ ಕ್ರೆಡಿಟ್ ಕಾರ್ಡ್ ಜೋಡಿಸಿದವರು ಅದೇ ಕ್ಯೂಆರ್ ಸ್ಕ್ಯಾನ್ ಮಾಡುತ್ತಾರೆ, ಡಬ್ಬಿಯೂ ಅದೇ ದನಿಯಲ್ಲಿ ಕೂಗುತ್ತದೆ. ನಮಗೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಆದರೆ ಈ ಕಂಪನಿ ಕಾರ್ಡಿನ ರೊಕ್ಕವನ್ನು ಬೇರೆಯಾಗಿ, ತಡವಾಗಿ ಕಳಿಸುತ್ತದೆ.

ಇದನ್ನು ತಿಳಿಯಲು ಸಹಾಯವಾಣಿ ಜೊತೆ ನಡೆಸಿದ ಮಾತು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಮೊದಲು "ನಿಮ್ಮ ಎಲ್ಲ ಹಣ ಕಳಿಸಿದ್ದೇವೆ ಸರ್" ಎಂದರು. ದೂರನ್ನೂ ಮುಚ್ಚಿಬಿಟ್ಟರು. ಒಟ್ಟು ಮೊತ್ತ ಹೇಳುವುದು ಬಿಟ್ಟು, ಆ ಒಂದೇ ಪಾವತಿಯ ಆರ್‌ಆರ್‌ಎನ್ ಮತ್ತು ಸಮಯ ಕೊಟ್ಟು, ಯುಟಿಆರ್ ಯಾಕೆ ಖಾಲಿ ಇದೆ ಅಂತ ಕೇಳಿದ ಮೇಲೆ ಸರಿಯಾದ ಉತ್ತರ ಬಂತು: ಎರಡು ಕೆಲಸದ ದಿನ ಬೇಕು. ಅವತ್ತು ಎರಡನೇ ಶನಿವಾರ, ಮರುದಿನ ಭಾನುವಾರ. ರೊಕ್ಕ ಬಂದದ್ದು ಮಂಗಳವಾರ. ಉಳಿದ 28,315 ರೂಪಾಯಿ ಅದೇ ಎರಡನೇ ಶನಿವಾರ ಬೆಳಿಗ್ಗೆ ಬಂತಲ್ವಾ? ಬ್ಯಾಂಕಿನಿಂದ ಬ್ಯಾಂಕಿಗೆ ರೊಕ್ಕ ಕಳಿಸುವ ನೆಫ್ಟ್ 2019ರ ಡಿಸೆಂಬರ್‌ನಿಂದ ರಜೆ ದಿನವೂ ನಡೆಯುತ್ತಿದೆ. ತಡ ಮಾಡುವುದು ಬ್ಯಾಂಕ್ ರಜೆ ಅಲ್ಲ, ಕಂಪನಿಯ ನಿಯಮ.

ಬಾಡಿಗೆ ಬಗ್ಗೆಯೂ ನನ್ನ ತಕರಾರು ಇದೆ. 125 ಜಾಸ್ತಿ ಅಲ್ಲ, ಕೊಡುತ್ತೇನೆ. ಆದರೆ ಅದನ್ನು ಪಾವತಿಯ ಮೊತ್ತದಲ್ಲೇ ಸದ್ದಿಲ್ಲದೆ ಕಳೆದು, ಬ್ಯಾಂಕಿಗೆ ಉಳಿದದ್ದನ್ನು ಕಳಿಸುತ್ತಾರೆ. ಮುಖಪುಟದಲ್ಲಿ ಒಂದು ಸಾಲೂ ಇರುವುದಿಲ್ಲ. ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಪಾವತಿಗೆ 2020ರ ಜನವರಿಯಿಂದ ಅಂಗಡಿಯವರಿಗೆ ಶುಲ್ಕ ಇಲ್ಲ. ರುಪೇ ಕ್ರೆಡಿಟ್ ಕಾರ್ಡಿಗೂ ಸಣ್ಣ ಅಂಗಡಿಗಳಿಗೆ 2,000 ರೂಪಾಯಿವರೆಗೆ ಶುಲ್ಕ ಇಲ್ಲ, ಹಾಗಾಗಿ ಮಂಗಳವಾರ 1,860 ಪೂರ್ತಿ ಬಂತು. ಬಾಡಿಗೆ ಬಿಟ್ಟು ಬೇರೇನಾದರೂ ಕಡಿತ ಕಂಡರೆ ಕೇಳಲೇಬೇಕು. ಕಡಿತವನ್ನೇ ಮುಚ್ಚಿಟ್ಟರೆ ಯಾವುದನ್ನು ಕೇಳುವುದು?

ಇದಕ್ಕೆ ಸೇರದ ಇನ್ನೊಂದು ತಾಪತ್ರಯ ಇದೆ. ಜಾತ್ರೆಯ ಗದ್ದಲದಲ್ಲಿ ನೆಟ್‌ವರ್ಕ್ ಸಿಗದೆ, "ಅಣ್ಣಾರ, ನಮ್ಮ ಖಾತೇದಾಗ ರೊಕ್ಕ ಕಟ್ ಆಗೇತ್ರಿ, ನಿಮ್ಮ ಡಬ್ಬಿ ಒದರವಲ್ದು" ಅನ್ನುವವರು. ಅಂಥ ರೊಕ್ಕವನ್ನು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಹುಡುಕಿ ಫಲ ಇಲ್ಲ, ಎಷ್ಟೋ ಸಲ ಅದು ಕಂಪನಿಯವರೆಗೂ ಬಂದಿರುವುದಿಲ್ಲ. ಗಿರಾಕಿಯ ಮೊಬೈಲ್‌ನಲ್ಲಿರುವ 12 ಅಂಕಿಯ ನಂಬರ್ ಬರೆದುಕೊಂಡು ನನ್ನ ಆ್ಯಪ್‌ನಲ್ಲಿ ಹುಡುಕುತ್ತೇನೆ. ಕೆಲವು ಆ್ಯಪ್‌ಗಳು ಇದನ್ನೂ ಯುಟಿಆರ್ ಎಂದೇ ತೋರಿಸುತ್ತವೆ, ಗಾಬರಿ ಬೇಡ. ಸಿಕ್ಕರೆ ಸಾಮಾನು ಕೊಡುತ್ತೇನೆ. ಸಿಗದಿದ್ದರೆ ಗುರುತಿನವರಿಗೆ ಉದ್ರಿ ಬರೆದುಕೊಳ್ಳುತ್ತೇನೆ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ, ಕಟ್ ಆಗಿ ಅಂಗಡಿಗೆ ಖಾತ್ರಿಯಾಗದ ರೊಕ್ಕ ಐದು ದಿನದೊಳಗೆ ಗಿರಾಕಿಯ ಖಾತೆಗೆ ತಾನೇ ವಾಪಸ್ ಹೋಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಅವರಿಗೆ ಸಿಗಬೇಕು. ಇದನ್ನು ಹೇಳಿದರೆ ಜಗಳ ಅರ್ಧ ಕಡಿಮೆಯಾಗುತ್ತದೆ.

ಡಬ್ಬಿ ವಾಪಸ್ ಕೊಡುವ ಯೋಚನೆ ಬಂದಿತ್ತು. ಆದರೆ ಸಾಲು ಸಾಲಿಗೆ ಯುಟಿಆರ್ ಕೊಡುವ ಆ ರಿಪೋರ್ಟ್ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಪಕ್ಕದ ಬೇಕರಿಯವರ ಕಂಪನಿಯಲ್ಲಿ ಒಟ್ಟು ಮೊತ್ತ ಮಾತ್ರ ಕಾಣುತ್ತದೆ. ಅವರಿಗೆ ಕಡಿಮೆ ಬಿದ್ದರೆ ಹುಡುಕಲು ದಾರಿಯೇ ಇಲ್ಲ. ನನ್ನ ಖಾತೆ ಪುಸ್ತಕದಲ್ಲಿ ಈಗ ಐದು ಕಾಲಂ: 11ರ ನಂತರದ್ದಕ್ಕೆ ಒಂದು, ಕಾರ್ಡಿನದಕ್ಕೆ ಒಂದು ಸೇರಿದೆ.

ಐದಕ್ಕೆ ಮೂರು ಸ್ಟಾರ್. ಬಾಡಿಗೆಯನ್ನು ಬೇರೆ ಸಾಲಾಗಿ ತೋರಿಸಿ, ಕಾರ್ಡಿನ ಪಾವತಿ ಬಂದಾಗ "ಇದು ನಾಳೆ ಬರುವುದಿಲ್ಲ" ಅಂತ ಆ್ಯಪ್‌ನಲ್ಲೇ ಹೇಳಿದರೆ ನಾಲ್ಕೂವರೆ ಕೊಡುತ್ತೇನೆ.