ಆಲ್ಬಮ್ ಮುಟ್ಟಿದರೆ ಕ್ಯೂ ಮಾಯ: ನಾನು ದಿನಾ ಬಳಸುವ ಮ್ಯೂಸಿಕ್ ಆ್ಯಪ್

ಸೌಂಡ್ ಹೇಗಿದೆ, ಎಷ್ಟು ಹಾಡುಗಳಿವೆ ಅನ್ನೋದನ್ನೆಲ್ಲ ಬೇಕಾದಷ್ಟು ಜನ ಬರೆದಿದ್ದಾರೆ. ವರ್ಷಗಳಿಂದ ದುಡ್ಡು ಕೊಟ್ಟು ಬಳಸುತ್ತಿರುವ ನನ್ನ ತಕರಾರು ಕ್ಯೂ ಬಗ್ಗೆ ಮಾತ್ರ.

ರಾತ್ರಿ ಪಾತ್ರೆ ತೊಳೆಯೋಕೆ ನಿಲ್ಲುವ ಮುಂಚೆ ಹಾಡುಗಳನ್ನು ಸಾಲಾಗಿ ಜೋಡಿಸಿಡುತ್ತೇನೆ. ಮೊದಲು ಮೆಲ್ಲಗಿನದು, ಸೋಪು ಹಚ್ಚುವಾಗ ಸ್ವಲ್ಪ ಜೋರಿನದು. ಒದ್ದೆ ಕೈಯಲ್ಲಿ ಫೋನ್ ಮುಟ್ಟಬಾರದು, ಅಷ್ಟೇ ಉದ್ದೇಶ.

ಹತ್ತು ಹಾಡಿನ ಆಲ್ಬಮ್‌ನಲ್ಲಿ ಮೂರನೆಯದು ಓಡುತ್ತಿದೆ ಅಂದುಕೊಳ್ಳಿ. ಬೇರೊಂದು ಹಾಡಿಗೆ ‘ಪ್ಲೇ ನೆಕ್ಸ್ಟ್’ ಒತ್ತಿದರೆ ಅದು ಮೂರರ ಬೆನ್ನಿಗೇ ಬಂದು ಕೂರುತ್ತದೆ. ಇನ್ನೊಂದಕ್ಕೂ ಅದನ್ನೇ ಒತ್ತಿದರೆ ಈ ಎರಡನೆಯದು ಮೊದಲನೆಯದರ ಮುಂದೆ ನುಗ್ಗುತ್ತದೆ. ಹಾಗಾಗಿ ಕ್ರಮ ಬೇಕಿದ್ದರೆ ಕೊನೇ ಹಾಡಿನಿಂದ ಹಿಂದಕ್ಕೆ ಒತ್ತುತ್ತಾ ಬರಬೇಕು. ‘ಆ್ಯಡ್ ಟು ಕ್ಯೂ’ ಒತ್ತಿದರೆ ಒತ್ತಿದ ಕ್ರಮದಲ್ಲೇ ಬರುತ್ತವೆ, ಆದರೆ ಹತ್ತನೇ ಹಾಡು ಮುಗಿದ ಮೇಲೆ. ಅಷ್ಟರಲ್ಲಿ ಪಾತ್ರೆ ಒಣಗಿರುತ್ತವೆ!

ಇದಕ್ಕೆಲ್ಲ ಹೊಂದಿಕೊಳ್ಳಬಹುದು. ಸಿಟ್ಟು ಬರುವುದು ಮುಂದಿನದಕ್ಕೆ. ಇಷ್ಟೆಲ್ಲ ಜೋಡಿಸಿದ ಮೇಲೆ ಇನ್ನೊಂದು ಆಲ್ಬಮ್ ತೆರೆದು ಒಂದು ಹಾಡು ಮುಟ್ಟಿದರೆ ಹಳೇ ಸಾಲು ಪೂರ್ತಿ ಹೋಗುತ್ತದೆ. ಅದು ಬರೀ ಆ ಹಾಡನ್ನು ಹಾಕುವುದಿಲ್ಲ, ಅಲ್ಲಿಂದ ಮುಂದಿನ ಇಡೀ ಆಲ್ಬಮನ್ನೇ ಹೊಸ ಕ್ಯೂ ಮಾಡಿಕೊಳ್ಳುತ್ತದೆ. ನಾವು ಕೈಯಾರೆ ಸೇರಿಸಿದ್ದು ಯಾವುದು, ಆಲ್ಬಮ್‌ನಿಂದ ತಾನಾಗೇ ಬಂದದ್ದು ಯಾವುದು ಎಂಬ ಭೇದ ಇದಕ್ಕಿಲ್ಲ. ಕೇಳುವುದೂ ಇಲ್ಲ, ವಾಪಸ್ ತರುವ ಬಟನ್ನೂ ಇಲ್ಲ.

ಬೇಸತ್ತು ಕೆಲವು ದಿನ ತಮ್ಮನ ಫೋನಿನಲ್ಲಿರುವ ಇನ್ನೊಂದು ಆ್ಯಪ್ ಬಳಸಿದೆ. ಅದರಲ್ಲಿ ಎರಡು ಸಾಲು: ಕೈಯಾರೆ ಸೇರಿಸಿದ್ದು ಮೇಲೆ, ಆಲ್ಬಮ್‌ನ ಉಳಿದ ಹಾಡು ಕೆಳಗೆ. ಹೊಸ ಆಲ್ಬಮ್ ಆರಿಸಿದರೆ ಕೆಳಗಿನದು ಮಾತ್ರ ಬದಲಾಗುತ್ತದೆ. ಇದೇ ಸರಿ ಅಂತ ಖುಷಿಪಟ್ಟೆ. ಆದರೆ ಹೊಸ ಆಲ್ಬಮ್‌ನ ಮೊದಲ ಹಾಡು ಮುಗಿದದ್ದೇ ತಡ, ನಿನ್ನೆ ಸೇರಿಸಿ ಕೇಳದೇ ಬಿಟ್ಟ ಹಾಡುಗಳೆಲ್ಲ ನಡುವೆ ಬಂದವು. ಆಲ್ಬಮ್ ಒಂದೇ ಓಟಕ್ಕೆ ಕೇಳಬೇಕಿದ್ದರೆ ಮೊದಲು ಕ್ಯೂ ಖಾಲಿ ಮಾಡಬೇಕು. ಈ ಒಂದು ವಿಷಯದಲ್ಲಿ ನಮ್ಮದೇ ವಾಸಿ ಅನ್ನಿಸಿತು.

ಈಗ ಮಾಡುವುದು ಇಷ್ಟು. ಕ್ಯೂ ಇರುವಾಗ ಆಲ್ಬಮ್‌ನೊಳಗಿನ ಹಾಡನ್ನು ನೇರವಾಗಿ ಮುಟ್ಟುವುದಿಲ್ಲ. ಮೂರು ಚುಕ್ಕಿಯ ಮೆನು ತೆರೆದು ಆಲ್ಬಮನ್ನೇ ‘ಆ್ಯಡ್ ಟು ಕ್ಯೂ’ ಮಾಡುತ್ತೇನೆ. ಸಾಲು ತುಂಬಾ ಚೆನ್ನಾಗಿ ಕೂತಿದ್ದರೆ ಪ್ಲೇಲಿಸ್ಟ್ ಆಗಿ ಸೇವ್ ಮಾಡಿಬಿಡುತ್ತೇನೆ, ಆಮೇಲೆ ಏನು ಮುಟ್ಟಿದರೂ ಚಿಂತೆಯಿಲ್ಲ.

‘ಹಳೇ ಕ್ಯೂ ಇಟ್ಟುಕೊಳ್ಳಲೇ, ಅಳಿಸಲೇ?’ ಅಂತ ಒಂದು ಸಲ ಕೇಳಿದ್ದರೆ ಸಾಕಿತ್ತು, ಅಲ್ವಾ? ಐದರಲ್ಲಿ ಮೂರು ಸ್ಟಾರ್. ಪ್ಲೇಲಿಸ್ಟುಗಳೆಲ್ಲ ಇಲ್ಲೇ ಇರುವುದರಿಂದ ಚಂದಾ ಮುಂದುವರಿಸುತ್ತಿದ್ದೇನೆ.