‘ಎರಡು ಕರೆಕ್ಷನ್ ಉಚಿತ’ ಎಂದು ಬರೆದುಕೊಂಡು ನಿಶ್ಚಿಂತೆಯಾಗಿರಬೇಡಿ

ಕಂಪನಿಗಳಿಗೆ ಒಂದೆರಡು ನಿಮಿಷದ ಅನಿಮೇಶನ್ ವಿಡಿಯೊ ಮಾಡಿಕೊಡುವ ಸಣ್ಣ ಸ್ಟುಡಿಯೊದವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗಾದದ್ದು ನಿಮಗೆ ಆಗುವುದು ಬೇಡ.

ಹನಿ ನೀರಾವರಿ ಉಪಕರಣ ಮಾರುವ ಕಂಪನಿಯೊಂದಕ್ಕೆ, ಫಿಲ್ಟರ್ ತೊಳೆಯುವುದು ಹೇಗೆಂದು ರೈತರಿಗೆ ತೋರಿಸುವ 90 ಸೆಕೆಂಡಿನ 2ಡಿ ವಿಡಿಯೊ ಒಪ್ಪಿಕೊಂಡೆವು. ಈ ಲೈನಿನಲ್ಲಿ ಎಲ್ಲರೂ ಬರೆಯುವ ಹಾಗೆ ಕೊಟೇಶನ್ನಿನಲ್ಲಿ ‘ಎರಡು ಕರೆಕ್ಷನ್ ಉಚಿತ’ ಎಂದಿತ್ತು. ಸ್ಕ್ರಿಪ್ಟ್ ಕಳಿಸಿದೆವು, ಮಾರ್ಕೆಟಿಂಗ್ ವಿಭಾಗದ ಹುಡುಗ ವಾಟ್ಸ್ಯಾಪಿನಲ್ಲಿ ಹೆಬ್ಬೆರಳು ಎತ್ತಿದ. ಸ್ಟೋರಿಬೋರ್ಡಿಗೂ ಅದೇ ಹೆಬ್ಬೆರಳು. ವಾಯ್ಸ್ ಓವರ್ ಕೇಳಿ ‘ಸೂಪರ್ ಸರ್’ ಅಂದ. ಅದನ್ನೇ ಒಪ್ಪಿಗೆ ಅಂತ ಹಿಡಿದು ಅನಿಮೇಶನ್ ಮುಗಿಸಿ, ಸಂಗೀತ ಕೂರಿಸಿ ಕಳಿಸಿದೆವು.

ಎಂಡಿಯವರು ವಿಡಿಯೊ ನೋಡಿದ್ದು ಆಗಲೇ, ಮೊದಲ ಸಲ. ‘ಇದರಲ್ಲಿ ಸ್ಕ್ರೀನ್ ಫಿಲ್ಟರ್ ತೋರಿಸಿದ್ದೀರಲ್ಲ, ನಾವು ಈಗ ಕೊಡ್ತಿರೋದು ಡಿಸ್ಕ್ ಫಿಲ್ಟರ್. ಚೇಂಜ್ ಮಾಡಿಬಿಡಿ, ಇದು ಫಸ್ಟ್ ಕರೆಕ್ಷನ್ ತಾನೆ?’

ಕೇಳಿದರೆ ಒಂದು ಪದ ಬದಲಿಸಿದಷ್ಟೇ ಅನಿಸುತ್ತದೆ. ಸ್ಕ್ರೀನ್ ಫಿಲ್ಟರಿನ ಒಳಗಿರುವುದು ಜಾಲರಿಯ ಕೊಳವೆ. ಅದನ್ನು ಹೊರಗೆಳೆದು ಬ್ರಷ್ಷಿನಿಂದ ಉಜ್ಜುತ್ತಾರೆ. ಡಿಸ್ಕ್ ಫಿಲ್ಟರಿನಲ್ಲಿ ಗೀರುಗಳಿರುವ ಪ್ಲಾಸ್ಟಿಕ್ ಬಿಲ್ಲೆಗಳು ಒಂದರ ಮೇಲೊಂದು ಬಿಗಿಯಾಗಿ ಕೂತಿರುತ್ತವೆ, ಅವನ್ನು ಸಡಿಲಿಸಿ ಬಿಡಿಬಿಡಿಯಾಗಿ ತೊಳೆಯಬೇಕು. ಅಂದರೆ ತೊಳೆಯುವ ಇಡೀ ದೃಶ್ಯ ಹೊಸದು. ಮಾತು ಬದಲಾಯಿತು, ಧ್ವನಿ ಕೊಟ್ಟವರನ್ನು ಮತ್ತೆ ಸ್ಟುಡಿಯೊಗೆ ಕರೆಸಬೇಕಾಯಿತು. ಹೊಸ ಮಾತು ಉದ್ದವಾದ್ದರಿಂದ ಮುಂದಿನ ದೃಶ್ಯಗಳ ಕೀಫ್ರೇಮುಗಳೆಲ್ಲ ಜರುಗಿದವು, ಸಂಗೀತದ ತಾಳ ತಪ್ಪಿತು. ಸ್ಕ್ರಿಪ್ಟಿನಲ್ಲಿ ಹತ್ತು ನಿಮಿಷಕ್ಕೆ ಮುಗಿಯುತ್ತಿದ್ದ ತಿದ್ದುಪಡಿ ವಾರದ ಕೆಲಸವಾಯಿತು. ಅದಾದ ಮೇಲೆ ಸೇಲ್ಸಿನವರಿಂದ ಒಂದೊಂದೇ ವಾಯ್ಸ್ ನೋಟ್: ಲೋಗೊ ಮೊದಲೇ ಬರಲಿ, ರೈತನ ಅಂಗಿ ಬಣ್ಣ ಬದಲಾಗಲಿ. ಇಷ್ಟೆಲ್ಲ ಸೇರಿ ಅವರ ಲೆಕ್ಕದಲ್ಲಿ ಇನ್ನೂ ‘ಎರಡನೇ ಕರೆಕ್ಷನ್’ ನಡೆಯುತ್ತಲೇ ಇತ್ತು. ಡೆಲಿವರಿಗೆಂದು ಉಳಿಸಿದ್ದ ಬಾಕಿ ಹಣ ಅವರ ಕೈಯಲ್ಲಿದ್ದುದರಿಂದ ನಾವು ಇಲ್ಲ ಎನ್ನುವ ಹಾಗೂ ಇರಲಿಲ್ಲ.

ಇಲ್ಲಿ ಕರೆಕ್ಷನ್ ಎರಡೋ ನಾಲ್ಕೋ ಎಂಬ ಸಂಖ್ಯೆಯಿಂದ ಏನೂ ಬದಲಾಗುತ್ತಿರಲಿಲ್ಲ. ಕೊನೆಯಲ್ಲಿ ‘ಬೇಡ’ ಎನ್ನುವ ಅಧಿಕಾರ ಯಾರಿಗಿದೆಯೋ ಅವರ ಒಪ್ಪಿಗೆ ಯಾವ ಹಂತದಲ್ಲೂ ಸಿಕ್ಕಿರಲಿಲ್ಲ. ಆದ್ದರಿಂದ ಕೆಲಸ ಹಿಡಿಯುವ ಮೊದಲೇ ಕೇಳಿ: ‘ಫೈನಲ್ ಓಕೆ ಮಾಡೋರು ಯಾರು?’ ಆ ಹೆಸರು ಕೊಟೇಶನ್ನಿನಲ್ಲೇ ಬರಲಿ. ಪ್ರತಿ ಹಂತದ ಒಪ್ಪಿಗೆ ಅವರ ಇಮೇಲಿನಿಂದಲೇ ಬರಲಿ. ನಾವು ಈಗ ಅವರು ಕಳಿಸಬೇಕಾದ ಸಾಲನ್ನೂ ನಾವೇ ಬರೆದುಕೊಡುತ್ತೇವೆ: ‘ಸ್ಕ್ರಿಪ್ಟ್ ವರ್ಷನ್ 3 ಒಪ್ಪಿಗೆಯಾಗಿದೆ, ಧ್ವನಿಮುದ್ರಣ ಶುರು ಮಾಡಿ. ಇದಾದ ಮೇಲೆ ಮಾತು ಬದಲಾದರೆ ಅದಕ್ಕೆ ಪ್ರತ್ಯೇಕ ಶುಲ್ಕ.’ ವರ್ಷನ್ ನಂಬರ್ ಇಲ್ಲದ ಒಪ್ಪಿಗೆ ಯಾವ ಫೈಲಿಗೆ ಕೊಟ್ಟದ್ದೆಂದು ಆಮೇಲೆ ಯಾರಿಗೂ ತೋರಿಸಲಾಗುವುದಿಲ್ಲ.

ಸ್ಕ್ರಿಪ್ಟ್ ಕಾಗದದಲ್ಲಿ ಕೊಟ್ಟರೆ ದೊಡ್ಡವರು ಓದುವುದಿಲ್ಲ, ಇದು ಎಲ್ಲ ಕಡೆಯ ಕಥೆ. ಅದಕ್ಕೆ ಆನಿಮ್ಯಾಟಿಕ್ ಹಂತವನ್ನು ಬಿಡಲೇಬೇಡಿ. ಸ್ಟೋರಿಬೋರ್ಡಿನ ಚಿತ್ರಗಳನ್ನು ಸಾಲಾಗಿ ಜೋಡಿಸಿ, ಮೊಬೈಲಿನಲ್ಲಿ ನೀವೇ ಓದಿದ ಧ್ವನಿ ಸೇರಿಸಿದರೆ ಸಾಕು. ಅದನ್ನು ಲಿಂಕ್ ಕಳಿಸಿ ಸುಮ್ಮನಿರದೆ, ಒಂದು ಮೀಟಿಂಗಿನಲ್ಲಿ ಎಂಡಿಯವರ ಎದುರೇ ಪ್ಲೇ ಮಾಡಿ. ನಮ್ಮ ಡಿಸ್ಕ್ ಫಿಲ್ಟರ್ ವಿಷಯ ಅಲ್ಲೇ ಹೊರಬೀಳುತ್ತಿತ್ತು, ಆಗ ನಾಲ್ಕಾರು ಚಿತ್ರ ಬದಲಿಸಿದ್ದರೆ ಮುಗಿಯುತ್ತಿತ್ತು.

ಕರೆಕ್ಷನ್ನಿನ ಒಂದು ಸುತ್ತು ಎಂದರೇನು ಎಂಬುದನ್ನೂ ಬರೆದಿಡಿ. ಅವರ ಕಡೆಯ ಎಲ್ಲರ ಮಾತೂ ಸೇರಿ ಒಂದೇ ಪಟ್ಟಿ, ಪ್ರತಿ ಸಾಲಿನ ಮುಂದೆ ವಿಡಿಯೊದ ಸಮಯ: ‘0:42, ವಾಲ್ವ್ ಉಲ್ಟಾ ತಿರುಗುತ್ತಿದೆ.’ ಆ ಪಟ್ಟಿ ಬಂದ ಮೇಲೆ ಇನ್ನೊಂದು ಬಂದರೆ ಅದು ಎರಡನೇ ಸುತ್ತು. ಸೇಲ್ಸ್ ಒಂದು ಹೇಳಿ ಮಾರ್ಕೆಟಿಂಗ್ ಇನ್ನೊಂದು ಹೇಳಿದರೆ ಅದನ್ನು ಬಗೆಹರಿಸಿಕೊಳ್ಳುವುದು ಅವರ ಕೆಲಸ. ವಾಲ್ವ್ ಉಲ್ಟಾ ತಿರುಗಿದ್ದು ನಮ್ಮ ತಪ್ಪಾದರೆ ಅದನ್ನು ಸುತ್ತಿನ ಲೆಕ್ಕಕ್ಕೆ ಹಿಡಿಯದೆ ಸರಿಪಡಿಸಿಕೊಡಬೇಕು, ಅದು ನ್ಯಾಯ. ಒಪ್ಪಿದ ಸ್ಕ್ರಿಪ್ಟಿನಲ್ಲೇ ಇಲ್ಲದ್ದನ್ನು ಕೇಳಿದರೆ ಮಾತ್ರ ಬದಲಾವಣೆ.

‘ಐದು ದಿನ ಉತ್ತರ ಬರದಿದ್ದರೆ ಒಪ್ಪಿಗೆ ಎಂದೇ ಭಾವಿಸುತ್ತೇವೆ’ ಎಂಬ ಷರತ್ತು ಹಾಕುವವರಿದ್ದಾರೆ. ನನಗೆ ಅದರ ಮೇಲೆ ನಂಬಿಕೆಯಿಲ್ಲ, ಕೊನೆಗೆ ಎಂಡಿ ‘ನಾನು ನೋಡೇ ಇಲ್ಲ’ ಅಂದರೆ ಮತ್ತೆ ಅದೇ ಜಗಳ. ಇಮೇಲ್ ಬರುವವರೆಗೆ ನಾವು ಮುಂದಿನ ಹಂತ ಮುಟ್ಟುವುದಿಲ್ಲ, ತಡವಾದಷ್ಟು ದಿನ ಡೆಲಿವರಿ ತಾರೀಖೂ ಮುಂದೆ ಹೋಗುತ್ತದೆ. ಹಣವನ್ನೂ ಹಂತಕ್ಕೇ ಕಟ್ಟಿದ್ದೇವೆ: 40% ಮುಂಗಡ, ಆನಿಮ್ಯಾಟಿಕ್ ಒಪ್ಪಿದಾಗ 40%, ಉಳಿದ 20% ಬಂದ ಮೇಲೆ ವಾಟರ್‌ಮಾರ್ಕ್ ಇಲ್ಲದ ಫೈಲ್.